ಎರಡು ವಾರದಿಂದ ಎಚ್‌ಆರ್ ಕಡೆಯಿಂದ ಉತ್ತರ ಇಲ್ಲ, ಎರಡನೇ ಮೇಲ್ ಹೇಗೆ ಬರೆಯೋದು?

ಸುಮಾ_ಕಡೂರು

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ನವೆಂಬರ್ 3, ಮಂಗಳವಾರ ಇಂಟರ್‌ವ್ಯೂ ಆಯಿತು. ಎಚ್‌ಆರ್ ಮೇಡಂ, ಅಕೌಂಟ್ಸ್ ಮ್ಯಾನೇಜರ್ ಇಬ್ಬರೂ ಕೂತಿದ್ದರು. ಟ್ಯಾಲಿ, ಜಿಎಸ್‌ಟಿ ಎಲ್ಲ ಕೇಳಿದರು, ಜನವರಿ ಮೊದಲ ವಾರ ಸೇರೋಕೆ ಆಗುತ್ತಾ ಅಂತಲೂ ಕೇಳಿದರು. ಒಂದು ವಾರದಲ್ಲಿ ಹೇಳ್ತೀವಿ ಅಂದರು. 9ನೇ ತಾರೀಖು ಸೋಮವಾರ ಒಂದು ಮೇಲ್ ಹಾಕಿದೆ. ಇವತ್ತು ಭಾನುವಾರ 22, ನಾಳೆಗೆ ಸರಿಯಾಗಿ ಎರಡು ವಾರ. ಅತ್ತ ಕಡೆಯಿಂದ ಒಂದಕ್ಷರ ಇಲ್ಲ.

ಮೇಡಂ ಇಂಟರ್‌ವ್ಯೂಗೆ ಕರೆದಿದ್ದು ಕನ್ನಡದಲ್ಲೇ ಬರೆದ ಮೇಲ್‌ನಲ್ಲಿ, ಹಾಗಾಗಿ ನಾನೂ ಕನ್ನಡದಲ್ಲೇ ಬರೀತಿದ್ದೀನಿ. ನಾಳೆ ಬೆಳಿಗ್ಗೆ ಕಳಿಸೋಣ ಅಂತ ಬರೆದಿಟ್ಟಿರೋದು ಇದು, ಸರಿ ಇದೆಯಾ ನೋಡಿ:

> ಸನ್ಮಾನ್ಯ ಮೇಡಂ ಅವರಿಗೆ,
> ನಾನು ದಿನಾಂಕ 03-11ರಂದು ತಮ್ಮ ಸಂಸ್ಥೆಯಲ್ಲಿ ಸಂದರ್ಶನಕ್ಕೆ ಹಾಜರಾಗಿದ್ದು, ಈ ಬಗ್ಗೆ ದಿನಾಂಕ 09-11ರಂದು ಮೇಲ್ ಕಳುಹಿಸಿದ್ದರೂ ತಮ್ಮಿಂದ ಇನ್ನೂ ಯಾವುದೇ ಉತ್ತರ ಬಂದಿರುವುದಿಲ್ಲ. ಎರಡು ವಾರಗಳಿಂದ ಕಾಯುತ್ತಿದ್ದೇನೆ. ತಮ್ಮ ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ. ನನ್ನ ಆಯ್ಕೆಯ ಬಗ್ಗೆ ಶೀಘ್ರವಾಗಿ ತಿಳಿಸಬೇಕಾಗಿ ಕೋರುತ್ತೇನೆ.
> ಇಂತಿ ತಮ್ಮ ವಿಧೇಯ,
> ಸುಮಾ

ಮಲ್ನಾಡ್_ವಿನಯ್

ಅಕ್ಕ, ಮೇಲ್ ಎಲ್ಲ ಯಾರು ನೋಡ್ತಾರೆ. ವಾಟ್ಸಾಪ್ ಮಾಡಿ, ನೀಲಿ ಗೆರೆ ಬಂದರೆ ಓದಿದ್ದಾರೆ ಅಂತ ಗೊತ್ತಾಗುತ್ತೆ. ಮೇಲ್ ಹಾಕಲೇಬೇಕು ಅಂದ್ರೆ ಮ್ಯಾನೇಜರ್‌ಗೂ ಸಿಸಿ ಹಾಕಿ, ಆಗ ಎಚ್‌ಆರ್‌ಗೆ ಬಿಸಿ ಮುಟ್ಟುತ್ತೆ. ಇನ್ನೊಂದು, ಒಂದು ತಾರೀಖು ಕೊಟ್ಟುಬಿಡಿ. ಇಷ್ಟರೊಳಗೆ ಹೇಳದಿದ್ರೆ ಬೇರೆ ಕಡೆ ಸೇರ್ತೀನಿ ಅಂತ. ತಾರೀಖು ಇಲ್ಲದ ಮೇಲ್‌ಗೆ ಯಾರೂ ಉತ್ತರ ಕೊಡಲ್ಲ.

ಅರಸೀಕೆರೆ_ಲೋಕೇಶ್

ಎರಡು ವಾರ ಅಂದ್ರೆ ಏನೂ ಅಲ್ಲ ಮೇಡಂ. ಪರೀಕ್ಷೆ ಬರೆದು ತಿಂಗಳುಗಟ್ಟಲೆ ಕಾಯ್ತಾ ಇರೋರು ಇದ್ದೀವಿ, ಅಂತಿಮ ಪಟ್ಟಿ ಇನ್ನೂ ಇಲ್ಲ. ನೀವು ಒಂದು ಆರ್‌ಟಿಐ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಲೇಬೇಕು ಅಂತ ಕಾನೂನಿದೆ.

ಹಾಸನ_ನೇಮಕಾತಿ

ಲೋಕೇಶ್, ಆರ್‌ಟಿಐ ಸರ್ಕಾರಿ ಕಚೇರಿಗಳಿಗೆ, ಸರ್ಕಾರದ ಹಣದಲ್ಲಿ ನಡೆಯೋ ಸಂಸ್ಥೆಗಳಿಗೆ. ಸುಮಾ ಕೇಳ್ತಿರೋದು ಖಾಸಗಿ ಘಟಕದ ಬಗ್ಗೆ, ಅಲ್ಲಿ ಅದು ನಡೆಯಲ್ಲ. ನಿಮ್ಮ ಪಟ್ಟಿಯ ವಿಷಯಕ್ಕೆ ಬೇರೆ ಎಳೆ ತೆಗೀರಿ, ಅದೂ ಮಾತಾಡಬೇಕಾದ ವಿಷಯವೇ.

ಸುಮಾ ಅವರೇ, ನಿಮ್ಮ ಮಾತಿಗೆ ಹೋಗೋ ಮುಂಚೆ ತಾರೀಖು ನೋಡೋಣ. ಅರ್ಧ ಉತ್ತರ ಅಲ್ಲೇ ಇದೆ.

ಮೊದಲ ಮೇಲ್ ಹೋಗಿದ್ದು 9ನೇ ತಾರೀಖು ಸೋಮವಾರ. ಅದು ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ನಡುವಿನ ದಿನ. ಮೇಲಾಗಿ ಹಾಸನಾಂಬ ದರ್ಶನದ ಕೊನೆಯ ದಿನಗಳು, ಊರೊಳಗೆ ಗಾಡಿ ಹೋಗೋದೇ ಕಷ್ಟ. ಆ ಸೋಮವಾರ ರಜೆ ಹಾಕಿ ಮೂರು ದಿನ ಒಟ್ಟಿಗೆ ಮಾಡಿಕೊಂಡವರೇ ಹೆಚ್ಚು. ಬುಧವಾರ ಬಂದು ಮೇಲ್ ತೆರೆದಾಗ ನಿಮ್ಮದು ಮೊಬೈಲ್ ಪರದೆಯಿಂದ ಎಷ್ಟೋ ಕೆಳಗೆ ಇಳಿದಿರುತ್ತೆ. ಹಾಗಾಗಿ ಅದು ಓದಿ ಸುಮ್ಮನಿರೋ ಮೇಲ್ ಅಲ್ಲ, ಕಣ್ಣಿಗೇ ಬೀಳದ ಮೇಲ್ ಆಗಿರೋ ಸಾಧ್ಯತೆ ದೊಡ್ಡದು.

ಎರಡನೆಯದು, ಕೆಲಸ ಅಕೌಂಟ್ಸ್‌ನದು. ಹೌದೋ ಅಲ್ಲವೋ ಹೇಳೋರು ಎಚ್‌ಆರ್ ಅಲ್ಲ, ಅಕೌಂಟ್ಸ್ ಮ್ಯಾನೇಜರ್. ಅವರಿಗೆ 11ನೇ ತಾರೀಖು GSTR-1, 20ಕ್ಕೆ GSTR-3B. ಅದರ ನಡುವೆ ಇಂಟರ್‌ವ್ಯೂ ಶೀಟ್ ತೆಗೆದು ನೋಡಿ ಸಹಿ ಮಾಡೋ ಮ್ಯಾನೇಜರ್ ಸಿಗೋದು ಅಪರೂಪ. ಎಚ್‌ಆರ್ ಹತ್ರ ಹೇಳೋಕೆ ಏನೂ ಇಲ್ಲ, ಅದಕ್ಕೇ ಹೇಳಿಲ್ಲ. ಈ ಮೌನಕ್ಕೆ ನಿಮ್ಮ ಇಂಟರ್‌ವ್ಯೂ ಕೆಟ್ಟಿತು ಅಂತ ಅರ್ಥ ಹಚ್ಚೋಕೆ ಈಗಲೇ ಆಗಲ್ಲ.

ಕ್ಯಾಲೆಂಡರ್‌ನಲ್ಲಿ ಎರಡು ವಾರ ಕಂಡರೂ, 11ರಿಂದ 21ರವರೆಗೆ ಶನಿವಾರ ಸೇರಿಸಿ ಎಣಿಸಿದರೆ ಅವರಿಗೆ ಕೆಲಸದ ದಿನ 10. ಅದರಲ್ಲಿ 9 ದಿನ ರಿಟರ್ನ್ ಗಡಿಬಿಡಿಯಲ್ಲೇ ಹೋಗಿದೆ. ಈಗ 20 ಕಳೆದಿದೆ, ಎರಡನೇ ಮೇಲ್‌ಗೆ ಇದು ಒಳ್ಳೆಯ ಹೊತ್ತು. ಆದರೆ ನಾಳೆ ಸೋಮವಾರ ಬೆಳಿಗ್ಗೆ ಬೇಡ. ವಾರದ ಮೊದಲ ದಿನ ಹಾಜರಿ, ಗೈರು, ಗುತ್ತಿಗೆ ಕೂಲಿಯವರ ಲೆಕ್ಕ, ಈಗ ಹಣ್ಣು ಕೊಯ್ಲು ಶುರುವಾಗಿರೋದರಿಂದ ಯಾರ್ಡಿಗೆ ಜನ ಹೊಂದಿಸೋದು, ಇಷ್ಟೂ ಎಚ್‌ಆರ್ ತಲೆ ಮೇಲೆ. ಮಂಗಳವಾರ 24, ಹತ್ತೂವರೆಯಿಂದ ಹನ್ನೊಂದೂವರೆ ಒಳಗೆ ತಲುಪೋ ಹಾಗೆ ಶೆಡ್ಯೂಲ್ ಮಾಡಿಡಿ.

ಮಾತಿನ ಬಗ್ಗೆ ರಾತ್ರಿ ಬರೀತೀನಿ. ಒಂದು ಪ್ರಶ್ನೆ: 9ರ ಮೇಲ್ ಅನ್ನು ಮೇಡಂ ಕಳಿಸಿದ್ದ ಮೇಲ್‌ಗೇ ಉತ್ತರವಾಗಿ ಹಾಕಿದ್ರಾ, ಹೊಸದಾಗಿ ಬರೆದ್ರಾ?

ಸುಮಾ_ಕಡೂರು

ಹೊಸದಾಗಿ ಬರೆದೆ ಸರ್. ವಿಷಯ ಅಂತ "ಸಂದರ್ಶನದ ಫಲಿತಾಂಶದ ಬಗ್ಗೆ" ಅಂತ ಹಾಕಿದ್ದೆ. ಅದು ತಪ್ಪಾ?

ಸಕಲೇಶಪುರ_ನವೀನ

ತಪ್ಪು ಅಂತಲ್ಲ, ಆದರೆ ನಿಮಗೇ ನಷ್ಟ. ನಾನು ಕನ್ಸಲ್ಟೆನ್ಸಿ ಕಡೆಯಿಂದ ಹೇಳ್ತೀನಿ. ನಮ್ಮ ಕಡೆ ಒಂದು ಹುದ್ದೆಗೆ ನಾಲ್ಕೈದು ಸುಮಾ, ಮೂರು ಮಂಜುನಾಥ ಇರ್ತಾರೆ. "ಸಂದರ್ಶನದ ಫಲಿತಾಂಶದ ಬಗ್ಗೆ" ಅಂತ ಒಂದು ಒಂಟಿ ಮೇಲ್ ಬಂದರೆ ಯಾವ ಹುದ್ದೆ, ಯಾವ ದಿನ, ಯಾವ ಸುಮಾ ಅಂತ ಹುಡುಕಬೇಕು. ಆಮೇಲೆ ನೋಡೋಣ ಅಂತ ಬಿಟ್ಟಿದ್ದು ಅಲ್ಲೇ ಉಳಿಯುತ್ತೆ. ಅದೇ ಇಂಟರ್‌ವ್ಯೂ ಕರೆಯ ಮೇಲ್‌ಗೆ ಉತ್ತರವಾಗಿ ಬಂದರೆ ಕೆಳಗಡೆಯೇ ಎಲ್ಲ ಇರುತ್ತೆ, ಹುದ್ದೆಯ ಹೆಸರು, ದಿನ, ನಿಮ್ಮ ರೆಸ್ಯೂಮ್.

ಈಗ ಮಾಡಬೇಕಾದ್ದು: ಮೇಡಂ ಕಳಿಸಿದ್ದ ಆ ಕರೆಯ ಮೇಲ್ ತೆಗೆದು ಅದಕ್ಕೇ ರಿಪ್ಲೈ ಒತ್ತಿ. ವಿಷಯದ ಸಾಲು ಮುಟ್ಟಬೇಡಿ. ಜಿಮೇಲ್‌ನಲ್ಲಿ ವಿಷಯ ಬದಲಾಯಿಸಿದರೆ ಅದು ಹಳೇ ಎಳೆ ಬಿಟ್ಟು ಹೊಸ ಮೇಲ್ ಆಗಿಬಿಡುತ್ತೆ, ಆಗ ರಿಪ್ಲೈ ಒತ್ತಿದ್ದಕ್ಕೆ ಫಲ ಇಲ್ಲ. "ಎರಡನೇ ಜ್ಞಾಪನೆ" ಅಂತ ಮುಂದೆ ಸೇರಿಸೋ ಅಭ್ಯಾಸ ಕೆಲವರಿಗಿದೆ. ಅದು ಬಾಕಿ ಬಿಲ್ಲಿಗೆ ಕಳಿಸೋ ನೋಟಿಸ್ ಥರ ಕಾಣುತ್ತೆ, ಬೇಡ.

ರೆಸ್ಯೂಮ್ ಮತ್ತೆ ಅಂಟಿಸಬೇಡಿ, ಅವರ ಹತ್ರ ಇದೆ.

ಮಲ್ನಾಡ್_ವಿನಯ್

ಸರಿ ಗುರು, ಸಿಸಿ ಯಾಕೆ ಬೇಡ ಅಂತ ಯಾರೂ ಹೇಳಲಿಲ್ಲ. ತೀರ್ಮಾನ ಮಾಡೋರು ಮ್ಯಾನೇಜರ್ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಅವರಿಗೆ ಗೊತ್ತಾಗೋದೇ ಒಳ್ಳೇದಲ್ವಾ?

ಹಾಸನ_ನೇಮಕಾತಿ

ವಿನಯ್, ಮ್ಯಾನೇಜರ್‌ಗೆ ನೆನಪಾಗಬೇಕು ಅನ್ನೋದು ಸರಿ. ಆದರೆ ನೆನಪಿಸೋದು ಎಚ್‌ಆರ್ ಕೈಯಿಂದ ಆಗಬೇಕು. ಸಿಸಿ ಹಾಕಿದ ಕೂಡಲೇ ಆ ಮೇಲ್‌ನ ಅರ್ಥ "ನಿಮ್ಮ ಎಚ್‌ಆರ್ ನನಗೆ ಉತ್ತರ ಕೊಟ್ಟಿಲ್ಲ" ಅಂತ ಆಗುತ್ತೆ, ಒಳಗೆ ಎಷ್ಟೇ ವಿನಯದಿಂದ ಬರೆದಿದ್ದರೂ. ಆ ಮೇಡಂ ಮೊದಲು ತಮ್ಮ ಮೇಲೆ ಬಂದ ಮಾತಿಗೆ ಸಮಾಧಾನ ಹೇಳೋಕೆ ಹೋಗ್ತಾರೆ, ನಿಮ್ಮ ವಿಷಯ ಎರಡನೆಯದಾಗುತ್ತೆ. ಬದಲಿಗೆ, ಎಚ್‌ಆರ್ ಒಬ್ಬರಿಗೇ ಬರೆದು, ಅವರು ಹಾಗೇ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಬಹುದಾದ ಹಾಗೆ ಬರೀರಿ. ಮ್ಯಾನೇಜರ್ ಓದಿದರೂ ಅರ್ಥವಾಗಬೇಕು, ಎಚ್‌ಆರ್‌ಗೂ ಮುಜುಗರ ಆಗಬಾರದು.

ತಾರೀಖು ಕೊಡಿ ಅಂದಿದ್ದು ಅರ್ಧ ಸರಿ, ಅದಕ್ಕೆ ಬರ್ತೀನಿ. ಮೊದಲು ಏನು ಕೇಳಬೇಕು ಅನ್ನೋದು.

ಸುಮಾ, ನೀವು ಕೇಳಿರೋದು "ನನ್ನ ಆಯ್ಕೆಯ ಬಗ್ಗೆ ತಿಳಿಸಿ" ಅಂತ. ಆ ಉತ್ತರ ಮೇಡಂ ಹತ್ರ ಇವತ್ತು ಇಲ್ಲದೇ ಇರಬಹುದು. ಮ್ಯಾನೇಜರ್ ನೋಡಿಲ್ಲ, ಇಲ್ಲವೇ ಸಂಬಳದ ಅಂಕಿಗೆ ಮಾಲೀಕರ ಒಪ್ಪಿಗೆ ಬಂದಿಲ್ಲ, ಇಲ್ಲವೇ ಬೇರೊಬ್ಬರಿಗೆ ಆಫರ್ ಕೊಟ್ಟು ಅವರು ಹೂಂ ಅನ್ನೋವರೆಗೆ ಕಾಯ್ತಿದ್ದಾರೆ. ಈ ಮೂರರಲ್ಲಿ ಯಾವುದಾದರೂ "ಆಯ್ಕೆ ಆಯಿತಾ" ಅನ್ನೋ ಪ್ರಶ್ನೆಗೆ ಅವರು ಹೌದು ಅನ್ನೋ ಹಾಗಿಲ್ಲ, ಇಲ್ಲ ಅನ್ನೋ ಹಾಗೂ ಇಲ್ಲ. ಹೇಳೋಕೆ ಬಾರದ ಪ್ರಶ್ನೆಯನ್ನು ಮನುಷ್ಯರು ಪಕ್ಕಕ್ಕಿಡ್ತಾರೆ. ನೀವು ಮೊದಲ ಮೇಲ್‌ನಲ್ಲೂ ಇದನ್ನೇ ಕೇಳಿದ್ದೀರಿ, ಎರಡನೆಯದರಲ್ಲೂ ಅದನ್ನೇ ಕೇಳಿದರೆ ಅದೇ ಗತಿ.

ಹಾಗಾಗಿ ಎರಡನೇ ಮೇಲ್‌ನಲ್ಲಿ ತೀರ್ಮಾನ ಕೇಳಬೇಡಿ, ಹಂತ ಕೇಳಿ. ಈಗ ಎಲ್ಲಿಗೆ ಬಂದಿದೆ, ಯಾವ ವಾರದ ಹೊತ್ತಿಗೆ ಗೊತ್ತಾಗಬಹುದು. ಇದಕ್ಕೆ ಅವರು ಯಾರ ಅಪ್ಪಣೆಯೂ ಇಲ್ಲದೆ, ಮೊಬೈಲ್‌ನಲ್ಲೇ, ಒಂದು ಸಾಲು ಉತ್ತರ ಕೊಡಬಹುದು. "ಮುಂದಿನ ವಾರ ಹೇಳ್ತೀವಿ" ಅನ್ನೋದೂ ನಿಮಗೆ ಉತ್ತರವೇ.

ಇನ್ನು ತಾರೀಖು. "ಇಷ್ಟರೊಳಗೆ ಹೇಳದಿದ್ರೆ ಬೇರೆ ಕಡೆ ಹೋಗ್ತೀನಿ" ಅನ್ನೋದು ಬೆದರಿಕೆ. ಅದು ನಿಜವಲ್ಲದಿದ್ದರೆ ಇನ್ನೂ ಕಷ್ಟ, ಆ ದಿನ ಕಳೆದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳ್ತೀರಿ? ಆದರೆ ಅವರ ಕೆಲಸಕ್ಕೇ ಬೇಕಾದ ಒಂದು ನಿಜವಾದ ತಾರೀಖು ನಿಮ್ಮ ಹತ್ರ ಇರಬಹುದು. ಈಗ ಎಲ್ಲಾದರೂ ಕೆಲಸದಲ್ಲಿದ್ದೀರಾ? ನೋಟಿಸ್ ಎಷ್ಟು ದಿನ?

ಸುಮಾ_ಕಡೂರು

ಹೌದು ಸರ್, ಕಡೂರಲ್ಲೇ ಒಬ್ಬರು ಆಡಿಟರ್ ಕಚೇರಿಯಲ್ಲಿ. 30 ದಿನ ಮುಂಚೆ ಹೇಳಬೇಕು.

ಹಾಸನ_ನೇಮಕಾತಿ

ಹಾಗಾದರೆ ತಾರೀಖು ಸಿಕ್ಕಿತು. ಡಿಸೆಂಬರ್ 1ಕ್ಕೆ ನೋಟಿಸ್ ಕೊಟ್ಟರೆ 30 ದಿನ ಮುಗಿಯೋದು ಡಿಸೆಂಬರ್ ಕೊನೆಗೆ, ಜನವರಿ ಮೊದಲ ವಾರ ಸೇರಬಹುದು. ಜನವರಿ ಮೊದಲ ವಾರ ಅಂತ ಕೇಳಿದ್ದು ಅವರೇ. ಈ ಲೆಕ್ಕ ಬರೆದರೆ ನೀವು ಒತ್ತಡ ಹಾಕಿದ ಹಾಗಾಗಲ್ಲ, ಅವರ ಯೋಜನೆಗೆ ಬೇಕಾದ ಮಾಹಿತಿ ಕೊಟ್ಟ ಹಾಗಾಗುತ್ತೆ. ಎಚ್‌ಆರ್‌ಗೂ ಮ್ಯಾನೇಜರ್ ಬಾಗಿಲು ತಟ್ಟೋಕೆ ಒಂದು ಕಾರಣ ಸಿಗುತ್ತೆ: "ಸರ್, ಆ ಕಡೂರಿನ ಹುಡುಗಿ 1ರೊಳಗೆ ನೋಟಿಸ್ ಕೊಡಬೇಕಂತೆ." ಅಲ್ಲೂ ಡಿಸೆಂಬರ್ ಕಳೆದ ಮೇಲೆ ಕಾಫಿ ಬರೋದು ಜೋರಾಗುತ್ತೆ, ಖರೀದಿ ಬಿಲ್ಲು ರಾಶಿ ಬೀಳುತ್ತೆ. ಆಗ ಕೂತು ಹೊಸಬರಿಗೆ ಕಲಿಸೋಕೆ ಮ್ಯಾನೇಜರ್‌ಗೂ ಬಿಡುವಿರಲ್ಲ.

ಪುಷ್ಪಾ_ಬೇಲೂರು

ಏನು ಕೇಳಬೇಕು ಅನ್ನೋದು ಬಂತು. ನಾನು ಭಾಷೆಗೆ ಬರ್ತೀನಿ, ಕನ್ನಡ ಪತ್ರವ್ಯವಹಾರವೇ ನನ್ನ ದಿನದ ಕೆಲಸ. ಸುಮಾ, ನಿಮ್ಮ ಕರಡಿನಲ್ಲಿ ಎರಡು ದನಿ ಇವೆ. ಅರ್ಧ ದೂರು, ಅರ್ಧ ಅಂಗಲಾಚೋದು. ಎರಡೂ ನಿಮ್ಮ ಮನಸ್ಸಿನಲ್ಲಿ ಇಲ್ಲದೇ ಇರಬಹುದು, ಆದರೆ ಪದಗಳು ಆ ಕೆಲಸ ಮಾಡ್ತಿವೆ.

ದೂರು ಎಲ್ಲಿದೆ ನೋಡಿ. "ಕಳುಹಿಸಿದ್ದರೂ", "ಇನ್ನೂ", "ಯಾವುದೇ", "ಬಂದಿರುವುದಿಲ್ಲ". "ಕಳುಹಿಸಿದ್ದೆ" ಅನ್ನೋದು ಬರೀ ಸಂಗತಿ. ಅದಕ್ಕೆ ಒಂದು "ರೂ" ಸೇರಿದ ಕೂಡಲೇ ನಾನು ನನ್ನ ಕೆಲಸ ಮಾಡಿದೆ, ನೀವು ಮಾಡಲಿಲ್ಲ ಅಂತ ಆಯಿತು. "ಉತ್ತರ ಬಂದಿಲ್ಲ" ಅನ್ನೋದಕ್ಕೂ "ಇನ್ನೂ ಯಾವುದೇ ಉತ್ತರ ಬಂದಿರುವುದಿಲ್ಲ" ಅನ್ನೋದಕ್ಕೂ ಎಷ್ಟು ಅಂತರ ಇದೆ ಅಂತ ಜೋರಾಗಿ ಓದಿ ನೋಡಿ. ಎರಡನೆಯದು ತಾಲೂಕು ಕಚೇರಿಗೆ ಬರೆಯೋ ತಕರಾರು ಅರ್ಜಿಯ ಸಾಲು. "ಎರಡು ವಾರಗಳಿಂದ ಕಾಯುತ್ತಿದ್ದೇನೆ" ಕೂಡ ಬೇಡ, ಮೇಲ್‌ನ ತಾರೀಖು ಅವರಿಗೇ ಕಾಣುತ್ತೆ, ಎಣಿಸಿ ತೋರಿಸೋದು ಚುಚ್ಚಿದ ಹಾಗೆ.

ಅಂಗಲಾಚೋದು ಎಲ್ಲಿದೆ ಅಂದರೆ "ಸನ್ಮಾನ್ಯ", "ಅಮೂಲ್ಯ ಸಮಯ", "ಕ್ಷಮೆ ಇರಲಿ", "ಕೋರುತ್ತೇನೆ", "ತಮ್ಮ ವಿಧೇಯ". ಇದು ಶಾಲೆಯಲ್ಲಿ ರಜಾ ಅರ್ಜಿ ಬರೆಯುವಾಗ ಕಲಿತ ಭಾಷೆ. ಅಲ್ಲಿಗೆ ಸರಿ. ಇಲ್ಲಿ ನೀವು ಲೆಕ್ಕ ನೋಡಿಕೊಳ್ಳೋಕೆ ಹೋಗೋರು, ಎದುರಿನವರ ಸಮಕ್ಕೆ ಕೂತು ಮಾತಾಡಿ ಬಂದೋರು. ಕೇಳಿದ್ದಕ್ಕೆ ಕ್ಷಮೆ ಕೇಳಿದರೆ ಕೇಳಬಾರದ್ದನ್ನು ಕೇಳಿದ ಹಾಗಾಗುತ್ತೆ.

"ನೆನಪಿಸಲು ಬರೆಯುತ್ತಿದ್ದೇನೆ" ಅಂತ ತುಂಬಾ ಜನ ಹಾಕ್ತಾರೆ. ನನಗದು ಹಿಡಿಸಲ್ಲ. ನೆನಪಿಸೋದು ಅಂದರೆ ನೀವು ಮರೆತಿದ್ದೀರಿ ಅಂತ. "ಕೇಳಲು ಬರೆಯುತ್ತಿದ್ದೇನೆ" ಅಂದರೆ ಅದರಲ್ಲಿ ಯಾರ ಮೇಲೂ ಏನೂ ಇಲ್ಲ.

ಇನ್ನು ತಾವು, ನೀವು. ಮೇಡಂ ತಮ್ಮ ಮೇಲ್‌ನಲ್ಲಿ ನಿಮಗೆ ಹೇಗೆ ಬರೆದಿದ್ದರು? "ನೀವು" ಅಂತಿದ್ದರೆ "ನೀವು" ಅಂತಲೇ ಬರೀರಿ, "ಮೇಡಂ" ಅಂತ ಶುರು ಮಾಡಿದ ಮೇಲೆ ಗೌರವ ಅದರಲ್ಲೇ ಇದೆ. ಅವರು "ತಾವು" ಅಂದಿದ್ದರೆ ಮಾತ್ರ ನೀವೂ "ತಾವು" ಅನ್ನಿ. ಒಂದೇ ಪತ್ರದಲ್ಲಿ ಒಂದು ಕಡೆ ತಮ್ಮ, ಇನ್ನೊಂದು ಕಡೆ ನಿಮ್ಮ ಅಂತ ಬೆರೆಸೋದು ಮಾತ್ರ ಬೇಡ, ಅದು ಬೇರೆ ಬೇರೆ ಕಡೆಯಿಂದ ತಂದು ಅಂಟಿಸಿದ ಪತ್ರದ ಗುರುತು.

ಸುಮಾ_ಕಡೂರು

"ನೀವು" ಅಂತಲೇ ಇದೆ ಮೇಡಂ. ಇನ್ನೊಂದು ಅನುಮಾನ. ಆಫೀಸ್ ಕಂಪ್ಯೂಟರಲ್ಲಿ ನುಡಿ ಇದೆ, ಅದರಲ್ಲಿ ಟೈಪ್ ಮಾಡಿ ಹಾಕಬಹುದಾ?

ಪುಷ್ಪಾ_ಬೇಲೂರು

ನುಡಿಯಲ್ಲಿ ಎರಡು ಬಗೆ ಇದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ತೊಂದರೆ ಇಲ್ಲ. ಹಳೇ ಫಾಂಟ್ ಆರಿಸಿಕೊಂಡು ಟೈಪ್ ಮಾಡಿ ಮೇಲ್‌ಗೆ ಅಂಟಿಸಿದರೆ ಆ ಕಡೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತೆ. ನಿಮ್ಮ ಮೊದಲ ಮೇಲ್ ಹಾಗೇನಾದ್ರೂ ಹೋಗಿತ್ತಾ? ಕಳಿಸಿದ ಮೇಲ್ ಅನ್ನು ಮೊಬೈಲ್‌ನಲ್ಲಿ ತೆಗೆದು ನೋಡಿ. ಅಲ್ಲಿ ಕನ್ನಡ ಕಂಡರೆ ಸರಿ ಹೋಗಿದೆ.

ಮತ್ತೆ, ಆಫೀಸ್ ಕಂಪ್ಯೂಟರಲ್ಲಿ ಬೇರೆ ಕೆಲಸದ ಮೇಲ್ ಬರೀಬೇಡಿ ತಾಯಿ. ಮೊಬೈಲ್ ಕೀಬೋರ್ಡ್ ಸಾಕು.

ಸುಮಾ_ಕಡೂರು

ನೋಡಿದೆ, ಕನ್ನಡ ಸರಿಯಾಗೇ ಕಾಣ್ತಿದೆ. ಅದು ಮೊಬೈಲಲ್ಲೇ ಬರೆದಿದ್ದು.

ಹಾಸನ_ನೇಮಕಾತಿ

ಸರಿ, ಹಾಗಾದರೆ ಎಲ್ಲ ಕೂಡಿಸಿ ನೋಡೋಣ. ಪುಷ್ಪಾ ಮೇಡಂ ಹೇಳಿದ್ದನ್ನೂ ಸೇರಿಸಿದ್ದೀನಿ.

> ಮೇಡಂ, ನಮಸ್ಕಾರ.
>
> ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಯ ಆಯ್ಕೆ ಈಗ ಯಾವ ಹಂತದಲ್ಲಿದೆ ಎಂದು ಕೇಳಲು ಬರೆಯುತ್ತಿದ್ದೇನೆ. ನವೆಂಬರ್ 3ರಂದು ನಿಮ್ಮನ್ನೂ ಮ್ಯಾನೇಜರ್ ಅವರನ್ನೂ ಭೇಟಿಯಾಗಿದ್ದೆ. ಕೆಲಸದ ಬಗ್ಗೆ ನನ್ನ ಆಸಕ್ತಿ ಹಾಗೆಯೇ ಇದೆ.
>
> ಈಗಿರುವ ಕಡೆ ನಾನು 30 ದಿನದ ನೋಟಿಸ್ ಕೊಡಬೇಕು. ಡಿಸೆಂಬರ್ 1ರೊಳಗೆ ತಿಳಿದರೆ, ನೀವು ಕೇಳಿದ್ದಂತೆ ಜನವರಿ ಮೊದಲ ವಾರ ಸೇರಿಕೊಳ್ಳಲು ಅನುಕೂಲವಾಗುತ್ತದೆ. ತೀರ್ಮಾನ ಆಗುವುದಿದ್ದರೆ, ಯಾವ ವಾರದ ಹೊತ್ತಿಗೆ ಆಗಬಹುದು ಎಂದು ಒಂದು ಸಾಲು ತಿಳಿಸಿದರೂ ಸಾಕು. ಬೇರೆಯವರ ಆಯ್ಕೆ ಆಗಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.
>
> ವಂದನೆಗಳು,
> ಸುಮಾ, ಕಡೂರು
> (ಮೊಬೈಲ್ ಸಂಖ್ಯೆ)

ಮೊದಲ ಸಾಲಿನಲ್ಲೇ ಹುದ್ದೆಯ ಹೆಸರು ಯಾಕೆ ಅಂದರೆ, ಮೊಬೈಲ್‌ನಲ್ಲಿ ಮೇಲ್ ತೆರೆಯೋ ಮುಂಚೆಯೇ ಮೊದಲ ಕೆಲವು ಪದ ಕಾಣುತ್ತೆ. ಅಲ್ಲಿ "ನಾನು ದಿನಾಂಕ 03-11ರಂದು ತಮ್ಮ" ಅಂತ ಇದ್ದರೆ ಯಾರು, ಏನು ಅಂತ ಗೊತ್ತಾಗಲ್ಲ. 9ರ ಮೇಲ್‌ನ ಮಾತೇ ಎತ್ತಿಲ್ಲ, ಗಮನಿಸಿ. ಅವರು ನೋಡಿದ್ದರೆ ನೆನಪಿರುತ್ತೆ, ನೋಡದಿದ್ದರೆ ಈ ಮೇಲ್ ಒಂದೇ ಸಾಕು. ಊರಿನ ಹೆಸರು ಇದ್ದರೆ ಯಾವ ಸುಮಾ ಅಂತ ಹುಡುಕೋದು ತಪ್ಪುತ್ತೆ, ನವೀನ ಹೇಳಿದ ಹಾಗೆ.

ಪುಷ್ಪಾ_ಬೇಲೂರು

ಉಳಿದಿದ್ದೆಲ್ಲ ಒಪ್ಪಿದೆ ಸರ್, ಕೊನೆ ಸಾಲು ಒಂದು ತೆಗೀರಿ. "ಬೇರೆಯವರ ಆಯ್ಕೆ ಆಗಿದ್ದರೆ" ಅಂತ ನಾವೇ ಬಾಯಿಬಿಟ್ಟು ಯಾಕೆ ಹೇಳಬೇಕು? ಕನ್ನಡದಲ್ಲಿ ಅದು ಕೈಚೆಲ್ಲಿದ ಹಾಗೆ ಕೇಳುತ್ತೆ. ಎರಡು ಪ್ಯಾರಾ ನೆಟ್ಟಗೆ ನಿಂತು ಮಾತಾಡಿ ಕೊನೆಗೆ ತಲೆ ತಗ್ಗಿಸಿದ ಹಾಗಿದೆ.

ಸಕಲೇಶಪುರ_ನವೀನ

ಇಲ್ಲ ಮೇಡಂ, ಅದು ಇರಲಿ. ಇಲ್ಲ ಅನ್ನೋ ಸುದ್ದಿ ಹೇಳೋದು ನಮಗೆ ತುಂಬಾ ಕಷ್ಟದ ಕೆಲಸ. ಮುಖ ನೋಡಿ ಮಾತಾಡಿದ ಹುಡುಗಿಗೆ "ನಿಮ್ಮದಾಗಲಿಲ್ಲ" ಅಂತ ಬರೆಯೋಕೆ ಕೈ ಬರಲ್ಲ, ಅದಕ್ಕೇ ಎಷ್ಟೋ ಮೇಲ್ ಉತ್ತರ ಇಲ್ಲದೆ ಉಳಿಯೋದು. ಎದುರಿನವರೇ ಅದನ್ನೂ ತಿಳಿಸಬಹುದು ಅಂದರೆ ಆ ಭಾರ ಇಳಿಯುತ್ತೆ. ಸುಮಾಗೂ ಡಿಸೆಂಬರ್ 1ರ ಲೆಕ್ಕ ಇದೆ, ಇಲ್ಲ ಅಂತ ಈಗಲೇ ಗೊತ್ತಾದರೆ ಈಗಿನ ಕೆಲಸದಲ್ಲಿ ನೆಮ್ಮದಿಯಾಗಿ ಇರಬಹುದು.

ಪುಷ್ಪಾ_ಬೇಲೂರು

ನಿಮ್ಮ ಕಡೆಯ ಅನುಭವ ನಿಜ ಇರಬಹುದು. ಆದರೂ "ತೀರ್ಮಾನ ಏನೇ ಆಗಿದ್ದರೂ ತಿಳಿಸಿ" ಅಂದರೆ ಅದೇ ಅರ್ಥ ಬರುತ್ತಲ್ಲ. ಸೋಲನ್ನು ಹೆಸರಿಟ್ಟು ಕರೆಯೋದು ಯಾಕೆ?

ಸಕಲೇಶಪುರ_ನವೀನ

"ಏನೇ ಆಗಿದ್ದರೂ" ಅಂದರೆ ಜನ ಅದನ್ನು ಔಪಚಾರಿಕ ಮಾತು ಅಂತ ದಾಟಿ ಹೋಗ್ತಾರೆ. ನೇರ ಹೇಳಿದರೆ ನೇರ ಉತ್ತರ. ಸುಮಾ ನಿರ್ಧಾರ ಮಾಡಲಿ ಬಿಡಿ, ಎರಡರಿಂದಲೂ ಕೆಲಸ ಕೆಡಲ್ಲ.

ಮೂಡಿಗೆರೆ_ರಮ್ಯಾ

ನಡುವೆ ಬಂದಿದ್ದಕ್ಕೆ ಬೇಜಾರಾಗಬೇಡಿ. ನನ್ನದೂ ಇದೇ ಥರ, ಆದರೆ ನೇರ ಕಂಪನಿ ಅಲ್ಲ, ಚಿಕ್ಕಮಗಳೂರಿನ ಒಂದು ಕನ್ಸಲ್ಟೆನ್ಸಿ ಮೂಲಕ. ಅವರು ಉತ್ತರ ಕೊಡ್ತಿಲ್ಲ. ಕಂಪನಿಗೇ ಇದೇ ಮೇಲ್ ಕಳಿಸಬಹುದಾ? ವಿಳಾಸ ಇಂಟರ್‌ನೆಟ್‌ನಲ್ಲಿ ಸಿಕ್ಕಿದೆ.

ಸಕಲೇಶಪುರ_ನವೀನ

ಬೇಡ ರಮ್ಯಾ. ಕನ್ಸಲ್ಟೆನ್ಸಿಗೆ ದುಡ್ಡು ಬರೋದು ನೀವು ಸೇರಿದ ಮೇಲೆ, ಕಂಪನಿಯಿಂದ. ನೀವು ನೇರ ಹೋದರೆ ಅಭ್ಯರ್ಥಿ ಯಾರ ಮೂಲಕ ಬಂದರು ಅನ್ನೋ ತಕರಾರು ಏಳುತ್ತೆ, ಕಂಪನಿಯವರು ಆ ಗೊಡವೆಯೇ ಬೇಡ ಅಂತ ನಿಮ್ಮನ್ನು ಪಕ್ಕಕ್ಕಿಡಬಹುದು. ಕನ್ಸಲ್ಟೆಂಟ್‌ಗೇ ಬರೀರಿ, ಆದರೆ ಪ್ರಶ್ನೆ ಬದಲಾಯಿಸಿ: "ಇಂಟರ್‌ವ್ಯೂ ಆದ ಮೇಲೆ ಕಂಪನಿಯಿಂದ ಅಭಿಪ್ರಾಯ ಬಂದಿದೆಯೇ, ಅಥವಾ ನೀವೂ ಕಾಯುತ್ತಿದ್ದೀರಾ?" ಅಂತ. ನೀವೂ ಕಾಯುತ್ತಿದ್ದೀರಾ ಅಂದ ಕೂಡಲೇ ಹೌದು ಅನ್ನೋಕೆ ಸುಲಭ. ಮಧ್ಯವರ್ತಿಗೆ ಮೇಲ್‌ಗಿಂತ ಫೋನ್ ವಾಸಿ, ನಮ್ಮ ಕೆಲಸ ನಡೆಯೋದೇ ಫೋನಿನ ಮೇಲೆ.

ಮಲ್ನಾಡ್_ವಿನಯ್

ನೋಡಿ, ಕೊನೆಗೆ ಫೋನೇ ವಾಸಿ ಅಂತ ಬಂತು. ಸುಮಾ ಅಕ್ಕನೂ ಫೋನ್ ಮಾಡಬಹುದಲ್ಲ?

ಹಾಸನ_ನೇಮಕಾತಿ

ಮಾಡಬಹುದು, ಆದರೆ ಈ ಮೇಲ್ ಆದ ಮೇಲೆ. ಫೋನ್ ಎತ್ತಿದ ಎಚ್‌ಆರ್ ಆ ಕ್ಷಣದಲ್ಲೇ ಏನಾದರೂ ಹೇಳಬೇಕು. ಕೈಯಲ್ಲಿ ವಿಷಯ ಇಲ್ಲದಾಗ "ನೋಡ್ತೀವಿ, ಹೇಳ್ತೀವಿ" ಅಂತ ಬಾಯಿಮಾತಿಗೆ ಅಂದುಬಿಡ್ತಾರೆ, ಅದು ಎಲ್ಲೂ ಉಳಿಯಲ್ಲ. ಮೇಲ್ ಆದರೆ ಮ್ಯಾನೇಜರ್‌ಗೆ ತೋರಿಸೋಕೆ ಒಂದು ಕಾಗದ ಇದ್ದ ಹಾಗೆ.

ಮೇಲ್ ಹೋಗಿ ಐದು ಕೆಲಸದ ದಿನ ಕಾಯಿರಿ. 24ಕ್ಕೆ ಹೋದರೆ 30ಕ್ಕೆ ಐದು ದಿನ ಆಗುತ್ತೆ, ಮಾರನೇ ದಿನವೇ ನಿಮ್ಮ ನೋಟಿಸ್ ತಾರೀಖು. ಹಾಗಾಗಿ 30ನೇ ತಾರೀಖು ಮಧ್ಯಾಹ್ನ ಮೂರರಿಂದ ನಾಲ್ಕರ ಒಳಗೆ ಒಂದು ಸಲ ಫೋನ್. "ಮೇಡಂ, ಕಡೂರಿನ ಸುಮಾ, ಅಕೌಂಟ್ಸ್ ಹುದ್ದೆಗೆ 3ನೇ ತಾರೀಖು ಬಂದಿದ್ದೆ. ಈಗ ಎರಡು ನಿಮಿಷ ಮಾತಾಡಬಹುದಾ?" ಇಷ್ಟು. ಎತ್ತದಿದ್ದರೆ ಮತ್ತೆ ಮತ್ತೆ ಬೇಡ. ಮಿಸ್ಡ್ ಕಾಲ್ ಒಂದಿದ್ದರೆ ತಿರುಗಿ ಮಾಡ್ತಾರೆ, ಏಳಿದ್ದರೆ ನಂಬರ್ ನೋಡಿ ಹೆದರ್ತಾರೆ.

ವಾಟ್ಸಾಪ್ ಬಗ್ಗೆ: ಮೇಡಂ ಮೊದಲು ಆ ನಂಬರಿಂದ ನಿಮಗೆ ವಾಟ್ಸಾಪ್ ಮಾಡಿದ್ದರೆ ಮಾತ್ರ. ನೀಲಿ ಗೆರೆ ನಂಬಬೇಡಿ, ಅದನ್ನು ಆಫ್ ಮಾಡಿ ಇಟ್ಟುಕೊಳ್ಳೋಕೆ ಬರುತ್ತೆ. ಬೂದು ಬಣ್ಣದಲ್ಲೇ ಇದೆ ಅಂತ ಓದಿಲ್ಲ ಅಂದುಕೊಳ್ಳೋಕೂ ಆಗಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಅವರಿಂದ ಬರಹದಲ್ಲಿ ಆಫರ್ ಬರೋವರೆಗೆ ಆಡಿಟರ್ ಹತ್ರ ನೋಟಿಸ್ ಕೊಡಬೇಡಿ. 1ನೇ ತಾರೀಖು ದಾಟಿದರೆ ಸೇರೋ ದಿನ ಮುಂದೆ ಹೋಗುತ್ತೆ, ಅಷ್ಟೇ.

ಸುಮಾ_ಕಡೂರು

ತುಂಬಾ ಉಪಕಾರ ಆಯಿತು ಎಲ್ಲರಿಂದ. ಕರೆಯ ಮೇಲ್‌ಗೇ ರಿಪ್ಲೈ ಮಾಡಿ, ಮಂಗಳವಾರ 10:40ಕ್ಕೆ ಶೆಡ್ಯೂಲ್ ಮಾಡಿಟ್ಟೆ. ಕೊನೆ ಸಾಲನ್ನ ಪುಷ್ಪಾ ಮೇಡಂ ಹೇಳಿದ ಹಾಗೆ "ತೀರ್ಮಾನ ಏನೇ ಆಗಿದ್ದರೂ ತಿಳಿಸಿ" ಅಂತ ಮಾಡಿದೆ. ನವೀನ ಸರ್, ತಪ್ಪು ತಿಳ್ಕೋಬೇಡಿ, ಇನ್ನೊಂದನ್ನು ಬರೆಯೋಕೆ ನನಗೇ ಕೈ ಬರಲಿಲ್ಲ.

ಸುಮಾ_ಕಡೂರು

ಮಂಗಳವಾರ ಸಂಜೆ ಬರೀತಿದ್ದೀನಿ. ಮಧ್ಯಾಹ್ನ ಮೇಡಂ ಉತ್ತರ ಬಂತು: "ಸುಮಾ, ಮ್ಯಾನೇಜರ್ ಇನ್ನೂ ಫೈನಲ್ ಮಾಡಿಲ್ಲ. ನಿಮ್ಮ ನೋಟಿಸ್ ವಿಷಯ ಅವರಿಗೆ ಹೇಳಿದ್ದೇನೆ. ಈ ವಾರದ ಕೊನೆಗೆ ತಿಳಿಸುತ್ತೇನೆ." ಇದಕ್ಕೆ ಏನಾದರೂ ಬರೀಬೇಕಾ, ಸುಮ್ಮನಿರಬೇಕಾ?

ಪುಷ್ಪಾ_ಬೇಲೂರು

ಬರೀರಿ, ಒಂದೇ ಸಾಲು. "ತಿಳಿಸಿದ್ದಕ್ಕೆ ಧನ್ಯವಾದಗಳು ಮೇಡಂ, ವಾರದ ಕೊನೆಗೆ ನಿಮ್ಮ ಮಾತಿಗೆ ಕಾಯುತ್ತೇನೆ." ಕೃತಜ್ಞತೆ ಜಾಸ್ತಿ ಮಾಡಬೇಡಿ.

ಸಕಲೇಶಪುರ_ನವೀನ

"ಕಾಯುತ್ತೇನೆ" ಬೇಡ ಅನ್ಸುತ್ತೆ, "ವಾರದ ಕೊನೆಗೆ ಆಗಬಹುದು" ಅಂತ ಬಿಡಿ.

ಹಾಸನ_ನೇಮಕಾತಿ

ಎರಡೂ ನಡೆಯುತ್ತೆ, ಇವತ್ತೇ ಕಳಿಸಿ. ಶನಿವಾರ ಉತ್ತರ ಬರದಿದ್ದರೆ ಭಾನುವಾರ ಮೇಲ್ ಹಾಕಬೇಡಿ. 30ರ ಫೋನ್ ಹಾಗೇ ಇರಲಿ, ಮಾತು ಮಾತ್ರ ಬದಲಾಯಿಸಿ: "ವಾರದ ಕೊನೆಗೆ ಅಂದಿದ್ರಿ, ನಾಳೆ ನೋಟಿಸ್ ತಾರೀಖು, ಅದಕ್ಕೆ ಕೇಳೋಣ ಅಂತ ಮಾಡಿದೆ" ಅಂತ. ಆಫರ್ ಬಂದರೆ ಮೇಲ್‌ನಲ್ಲಿ ಕಳಿಸೋಕೆ ಹೇಳಿ, ಫೋನಿನಲ್ಲಿ ಹೂಂ ಅಂದಿದ್ದನ್ನೇ ನಂಬಿಕೊಂಡು ಆಡಿಟರ್ ಹತ್ರ ಹೋಗಬೇಡಿ.